ಒತ್ತಾಗಿ ಬಂದ ಬಾಟಲಿಗಳು ಮತ್ತು ಪಿ.ಎಲ್.ಸಿ. ಲೆಕ್ಕ

ಸ್ವಯಂಚಾಲನ ತರಬೇತಿಗೆ ನೌಕರರನ್ನು ಕಳುಹಿಸುವ ಉದ್ದಿಮೆದಾರರು ಅಲ್ಲಿನ ಬಾಟಲಿ ತುಂಬುವ ಕನ್ವೇಯರ್ ಪ್ರಾತ್ಯಕ್ಷಿಕೆಯನ್ನು ಸ್ವತಃ ಪರೀಕ್ಷಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ಪಿ.ಎಲ್.ಸಿ.ಗೆ ಬರೆಯುವ ಲ್ಯಾಡರ್ ಲಾಜಿಕ್ ಸಾಮಾನ್ಯವಾಗಿ ಸರಳವಾದುದು. ಸೆನ್ಸರ್ ಎದುರಿಗೆ ಬಾಟಲಿ ಬಂದೊಡನೆ ಮೋಟಾರು ನಿಂತು, ವಾಲ್ವ್ ತೆರೆದು, ಟೈಮರ್ ಆರಂಭವಾಗುತ್ತದೆ. 5 ಸೆಕೆಂಡುಗಳ ನಂತರ ವಾಲ್ವ್ ಮುಚ್ಚಿ ಬೆಲ್ಟ್ ಚಲಿಸಬೇಕು. ಆದರೆ ಬಾಟಲಿ ಇನ್ನೂ ಸೆನ್ಸರ್ ಎದುರಿಗೇ ಇದೆ. ಆದಕಾರಣ ಮೋಟಾರಿನ ಸಾಲಿನಲ್ಲಿ ಸೆನ್ಸರ್ ಸಂಪರ್ಕಕ್ಕೆ ಸಮಾನಾಂತರವಾಗಿ, ಟೈಮರ್ ಮುಗಿದುದನ್ನು ಸೂಚಿಸುವ ಸಂಪರ್ಕವನ್ನು ಸೇರಿಸುತ್ತಾರೆ. ಬಾಟಲಿ ಸರಿದಾಗ ಟೈಮರ್ ಶೂನ್ಯಕ್ಕೆ ಮರಳುತ್ತದೆ.

ಕೈಯಿಂದ ಅಂತರವಿಟ್ಟು ಬಾಟಲಿ ಇರಿಸುವವರೆಗೆ ಎಲ್ಲವೂ ಸುಗಮ. ಎರಡು ಬಾಟಲಿಗಳು ಒತ್ತಾಗಿ ಬಂದರೆ? ಸೆನ್ಸರ್ ನಡುವೆ ತೆರವನ್ನು ಕಾಣದು, ಟೈಮರ್ ಮರಳದು, ಎರಡನೆಯದು ಖಾಲಿಯಾಗಿಯೇ ಸಾಗುತ್ತದೆ. ಅದೇ ಸೆನ್ಸರ್‌ನಿಂದ ನಡೆಯುವ ಕೌಂಟರ್ ಎರಡನ್ನೂ ಒಂದೆಂದೇ ಎಣಿಸುತ್ತದೆ. ತುಂಬಿದ ಸಂಖ್ಯೆಯೂ ಕೌಂಟರೂ ತಾಳೆಯಾಗುತ್ತವೆ! ಕೊಠಡಿಯಿಂದ ಕೊಟ್ಟ ಖಾಲಿ ಬಾಟಲಿಗಳ ದಾಸ್ತಾನಿನೊಡನೆ ಹೋಲಿಸಿದಾಗಲಷ್ಟೇ ವ್ಯತ್ಯಾಸ ಹೊರಬೀಳುತ್ತದೆ.

ಪರಿಹಾರಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸೆನ್ಸರನ್ನು ಬಾಟಲಿಯ ಕತ್ತಿನ ಮಟ್ಟಕ್ಕೆ ಏರಿಸಿದರೆ, ಮೈಗಳು ತಾಗಿದ್ದರೂ ಕತ್ತುಗಳ ನಡುವೆ ತೆರವು ದೊರೆಯುತ್ತದೆ. ಅಗಲ ಬಾಯಿಯ ಜಾಡಿಗಳಿಗೆ ಮಾತ್ರ ಒಂದೊಂದನ್ನೇ ಬಿಡುವ ತಡೆಯನ್ನು ಸೆನ್ಸರ್‌ಗೆ ಮೊದಲು ಅಳವಡಿಸಬೇಕಾಗುತ್ತದೆ.