ನೂರರಲ್ಲಿ 54: ಯಾರೂ ಕೇಳದ ಲೆಕ್ಕ

ಕನ್ನಡದಲ್ಲಿ ಮಾತನಾಡುವ ಚಿಕ್ಕ ಎಐ ಮಾಡೆಲ್ ಬೇಕು, ಆದರೆ ಅದಕ್ಕೆ ಕಲಿಸುವಷ್ಟು ಕನ್ನಡ ಸಂಭಾಷಣೆಗಳು ಸಿಗುತ್ತಿಲ್ಲ. ಹಾಗಿದ್ದರೆ ದೊಡ್ಡ ಮಾಡೆಲ್‌ನಿಂದಲೇ ಲಕ್ಷಗಟ್ಟಲೆ ಪ್ರಶ್ನೋತ್ತರ ಬರೆಸಿ ಚಿಕ್ಕದಕ್ಕೆ ಕಲಿಸಿಬಿಡೋಣ. ಇಂಡಿಯಾ ಎಐ ಮಿಷನ್‌ಗೆ 2024ರ ಮಾರ್ಚ್‌ನಲ್ಲಿ ಸುಮಾರು 10,372 ಕೋಟಿ ರೂಪಾಯಿ ಮಂಜೂರಾದಾಗಿನಿಂದ ಈ ವಾದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಅಗ್ಗ, ಬೇಗ ಆಗುತ್ತದೆ, ಹೊರದೇಶಗಳಲ್ಲೂ ಹೀಗೇ ಮಾಡುತ್ತಾರೆ ಎನ್ನುತ್ತಾರೆ. ಮೂರೂ ನಿಜ. ಆದರೂ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹೀಗೆ ಬರೆಸಿದ ಸಂಭಾಷಣೆಗಳಲ್ಲಿ ಎಷ್ಟು ಸರಿಯಿವೆ ಎಂದು ಕನ್ನಡ ಬಲ್ಲವರು ಕೂತು ಓದಿ, ಎಣಿಸಿ, ಆ ಎಣಿಕೆಯನ್ನು ಪ್ರಕಟಿಸದ ಯಾವ ಯೋಜನೆಗೂ ಸಾರ್ವಜನಿಕ ಹಣ ಕೊಡಬಾರದು.

ಈ ಒಂದು ಷರತ್ತಿಗೆ ನಾನು ಇಷ್ಟು ಜೋತುಬೀಳಲು ಕಾರಣ 54 ಎಂಬ ಅಂಕಿ.

2022ರ ಡಿಸೆಂಬರ್‌ನಲ್ಲಿ ಅಮೆರಿಕದ ಯಿಝೋಂಗ್ ವಾಂಗ್ ಮತ್ತು ಸಂಗಡಿಗರು 'ಸೆಲ್ಫ್ ಇನ್‌ಸ್ಟ್ರಕ್ಟ್' ಎಂಬ ಪ್ರಬಂಧ ಪ್ರಕಟಿಸಿದರು. ಮನುಷ್ಯರು ಕೈಯಾರೆ ಬರೆದ 175 ಪ್ರಶ್ನೆಗಳನ್ನು ಬೀಜವಾಗಿಟ್ಟು, ಜಿಪಿಟಿ-3ರಿಂದ 52,000 ಹೊಸ ಸೂಚನೆಗಳನ್ನೂ ಅವುಗಳ ಉತ್ತರಗಳನ್ನೂ ಅವರು ಬರೆಸಿದ್ದರು. ಇವತ್ತಿನ ಕೃತಕ ಸಂಭಾಷಣೆಗಳ ದಂಡೆಲ್ಲ ಹೊರಟಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ. ಆ ಪ್ರಬಂಧದಲ್ಲಿ ಒಂದು ಸಣ್ಣ ಕೋಷ್ಟಕವಿದೆ. ಬಂದ ರಾಶಿಯಿಂದ 200 ಸೂಚನೆಗಳನ್ನು ಎತ್ತಿ ಅವರೇ ಓದಿ ನೋಡಿದರು. ಪ್ರಶ್ನೆಯಾಗಿ ಅರ್ಥವಾಗುವಂಥವು ಶೇ 92. ಆದರೆ ಉತ್ತರ ಸರಿಯಾಗಿದ್ದವು ಶೇ 58 ಮಾತ್ರ. ಪ್ರಶ್ನೆ, ಜೊತೆಗೆ ಕೊಟ್ಟ ಮಾಹಿತಿ, ಉತ್ತರ ಮೂರೂ ಸರಿಯಿದ್ದವು ಶೇ 54.

ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಕೆಟ್ಟಿತ್ತು. ಅದನ್ನು ಮುಚ್ಚಿಡದೆ ಬರೆದ ಆ ತಂಡದ ಪ್ರಾಮಾಣಿಕತೆ ದೊಡ್ಡದು. ತಪ್ಪಿದ್ದರೂ ಬಹುಪಾಲು ಉತ್ತರಗಳ ರೂಪ ಸರಿಯಾಗಿದೆ, ಆದ್ದರಿಂದ ಕಲಿಕೆಗೆ ಉಪಯುಕ್ತ ಎಂದು ಅವರು ಸಮರ್ಥಿಸಿಕೊಂಡರು. ಅವರ ಪ್ರಯೋಗದ ಮಟ್ಟಿಗೆ ಈ ಸಮರ್ಥನೆ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಗುರುವೂ ಜಿಪಿಟಿ-3, ಶಿಷ್ಯನೂ ಅದೇ ಜಿಪಿಟಿ-3. ಶಿಷ್ಯನಿಗೆ ಹೊಸ ತಿಳಿವಳಿಕೆ ಬೇಕಿರಲಿಲ್ಲ. ಒಳಗೆ ಇದ್ದುದನ್ನು ಕೇಳಿದ ರೀತಿಯಲ್ಲಿ ಹೊರಗೆ ಹೇಳುವ ಅಭ್ಯಾಸವಷ್ಟೇ ಬೇಕಿತ್ತು. ಆ ಅಭ್ಯಾಸ ಮಾಡಿಸಲು ತಪ್ಪು ಉತ್ತರವೂ ನಡೆಯುತ್ತದೆ.

ಮೂರೇ ತಿಂಗಳಲ್ಲಿ ಶಿಷ್ಯ ಬದಲಾದ. 2023ರ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡ ಅದೇ 175 ಬೀಜಗಳನ್ನು ಹಿಡಿದು, ಓಪನ್ ಎಐಯ ಇನ್ನೂ ಸಮರ್ಥವಾದ ಟೆಕ್ಸ್ಟ್-ಡಾವಿಂಚಿ-003 ಎಂಬ ಮಾಡೆಲ್‌ನಿಂದ 52,000 ಪ್ರಶ್ನೋತ್ತರ ಬರೆಸಿತು. ಖರ್ಚು 500 ಡಾಲರ್‌ಗಿಂತ ಕಡಿಮೆ. ಅದನ್ನು ಮೆಟಾದ 700 ಕೋಟಿ ನಿಯತಾಂಕಗಳ ಲಾಮಾಗೆ ಕಲಿಸಿತು. ಅದೇ ಅಲ್ಪಾಕ. ತಂಡದ ಐವರು ವಿದ್ಯಾರ್ಥಿಗಳು ಯಾವ ಉತ್ತರ ಯಾರದೆಂದು ತಿಳಿಯದಂತೆ ಎರಡನ್ನೂ ಜೋಡಿಯಾಗಿಟ್ಟು ನೋಡಿದಾಗ ಅಲ್ಪಾಕಕ್ಕೆ 90 ಗೆಲುವು, ಗುರುವಿಗೆ 89. ಜಗತ್ತು ಹಿಡಿದುಕೊಂಡದ್ದು ಈ ಅಂಕಿಗಳನ್ನು. ಅದೇ ಪ್ರಕಟಣೆಯಲ್ಲಿ ತಂಡವೇ ಕೊಟ್ಟಿದ್ದ ಇನ್ನೊಂದು ಉದಾಹರಣೆಯನ್ನು ಹೆಚ್ಚಿನವರು ದಾಟಿಹೋದರು. ಟಾಂಜಾನಿಯಾದ ರಾಜಧಾನಿ ಯಾವುದು ಎಂದು ಕೇಳಿದರೆ ಅಲ್ಪಾಕ ದಾರ್ ಎಸ್ ಸಲಾಂ ಎಂದಿತ್ತು. ಅದು ಆ ದೇಶದ ದೊಡ್ಡ ಊರು, ಹಳೆಯ ರಾಜಧಾನಿ. ಈಗಿನದು ಡೊಡೋಮ. ತಪ್ಪು ಹೇಳಿದ ವಾಕ್ಯದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅಲ್ಪಾಕವನ್ನು ಜನರೇ ಬಳಸಿ ನೋಡಲೆಂದು ಇಟ್ಟಿದ್ದ ಸಾರ್ವಜನಿಕ ಪ್ರದರ್ಶನವನ್ನು ತಂಡ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು.

ಇಲ್ಲಿ ಏನಾಗುತ್ತಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೊಡ್ಡ ಮಾಡೆಲ್‌ಗೆ ಒಂದು ಸಂಗತಿ ಗೊತ್ತು, ಅದು ಧೈರ್ಯವಾಗಿ ಉತ್ತರ ಬರೆಯುತ್ತದೆ. ಚಿಕ್ಕದಕ್ಕೆ ಆ ಸಂಗತಿ ಗೊತ್ತಿಲ್ಲ. ಅಂಥ ಸಾವಿರಾರು ಉತ್ತರಗಳನ್ನು ಚಿಕ್ಕದಕ್ಕೆ ಕಲಿಸಿದಾಗ ಅದು ಸಂಗತಿಗಿಂತ ಬೇಗ ಹಿಡಿದುಕೊಳ್ಳುವುದು ಧೈರ್ಯವನ್ನು. ಗೊತ್ತಿಲ್ಲದಿದ್ದರೂ ಗೊತ್ತಿರುವವರ ಧಾಟಿಯಲ್ಲಿ ಹೇಳಬೇಕು ಎಂಬ ಪಾಠ ಅದಕ್ಕೆ ಸಿಗುತ್ತದೆ. ಇದು ನನ್ನ ಊಹೆಯಲ್ಲ. ಟೆಕ್ನಿಯಾನ್ ಮತ್ತು ಗೂಗಲ್‌ನ ಸಂಶೋಧಕರು 2024ರಲ್ಲಿ ಅಳೆದು ತೋರಿಸಿದ್ದಾರೆ: ಮಾಡೆಲ್‌ಗೆ ಮೊದಲೇ ಗೊತ್ತಿಲ್ಲದ ವಿಷಯಗಳನ್ನು ಹೀಗೆ ಪ್ರಶ್ನೋತ್ತರಗಳಿಂದ ಪಳಗಿಸುವ ಹಂತದಲ್ಲಿ ಕಲಿಸಿದರೆ ಅದು ಅವನ್ನು ನಿಧಾನವಾಗಿ ಕಲಿಯುತ್ತದೆ, ಕಲಿತಷ್ಟೂ ಬೇರೆ ವಿಷಯಗಳಲ್ಲಿ ಕಟ್ಟುಕಥೆ ಹೇಳುವುದು ಹೆಚ್ಚುತ್ತದೆ. ಗುರುವಿನ ಉತ್ತರ ನೂರಕ್ಕೆ ನೂರು ಸರಿಯಿದ್ದರೂ ಈ ಅಪಾಯ ತಪ್ಪುವುದಿಲ್ಲ.

ಬರ್ಕ್ಲಿಯ ಸಂಶೋಧಕರು 2023ರ ಮೇ ತಿಂಗಳಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಹಿಡಿದರು. ಚಾಟ್‌ಜಿಪಿಟಿಯನ್ನು ಅನುಕರಿಸಿ ತಯಾರಾದ ಚಿಕ್ಕ ಮಾಡೆಲ್‌ಗಳ ಉತ್ತರಗಳನ್ನು ಜನರ ಮುಂದಿಟ್ಟಾಗ, ಸುಮಾರು ಶೇ 70ರಷ್ಟು ಉತ್ತರಗಳು ಚಾಟ್‌ಜಿಪಿಟಿಗೆ ಸಮ ಅಥವಾ ಅದಕ್ಕಿಂತ ಉತ್ತಮ ಎಂಬ ಅಭಿಪ್ರಾಯ ಬಂತು. ಸರಿ ತಪ್ಪನ್ನು ಖಚಿತವಾಗಿ ಅಳೆಯುವ ಪರೀಕ್ಷೆಗಳಲ್ಲಿ ಕೂರಿಸಿದರೆ, ಅನುಕರಣೆಯ ಡೇಟಾದಲ್ಲಿ ಹೆಚ್ಚಾಗಿ ಬಾರದ ವಿಷಯಗಳಲ್ಲಿ ಅಂತರ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಓದುಗನಿಗೆ ಧಾಟಿ ಕಾಣುತ್ತದೆ, ಹುಳುಕು ಕಾಣುವುದಿಲ್ಲ. ನಮ್ಮಲ್ಲಿ ಎಷ್ಟೋ ಮಾಡೆಲ್‌ಗಳು ಬಿಡುಗಡೆಯಾಗುವಾಗ ತೋರಿಸುವುದು ಈ ಮೊದಲನೇ ಬಗೆಯ ಅಂಕಿಗಳನ್ನೇ. ಅದು ನಿಲ್ಲಬೇಕು.

ಸಂಭಾಷಣೆಯ ವಿಷಯಕ್ಕೆ ಬಂದರೆ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಅಲ್ಲಿ ಪ್ರಶ್ನೆ ಕೇಳುವವನನ್ನೂ ಯಂತ್ರವೇ ಆಡುತ್ತದೆ. ಅಡಿಕೆ ತೋಟದ ಕೊಳೆರೋಗವನ್ನೇ ತೆಗೆದುಕೊಳ್ಳಿ. ದೊಡ್ಡ ಮಾಡೆಲ್ ರೈತನ ಪಾತ್ರ ಹಾಕಿದರೆ ಹೀಗೆ ಬರೆಯುತ್ತದೆ: "ನನ್ನ ಅಡಿಕೆ ತೋಟದಲ್ಲಿ ಕೊಳೆರೋಗ ಕಾಣಿಸಿಕೊಂಡಿದೆ. ದಯವಿಟ್ಟು ಅದರ ಲಕ್ಷಣಗಳು ಮತ್ತು ನಿಯಂತ್ರಣ ಕ್ರಮಗಳನ್ನು ವಿವರಿಸಿ." ಮಲೆನಾಡಿನ ಬೆಳೆಗಾರ ಕೇಳುವುದು ಹೀಗೆ: "ಒಂದ್ಸಲ ಮದ್ದು ಹೊಡ್ಸಿದೀನಿ ಸಾರ್, ಆದ್ರೂ ಕಾಯಿ ಉದುರ್ತಾನೇ ಇದೆ. ಮಳೆ ಬಿಡ್ತಾ ಇಲ್ಲ. ಇನ್ನೊಂದ್ಸಲ ಹೊಡ್ಸ್ಲಾ?" ರೋಗದ ಹೆಸರೇ ಅಲ್ಲಿಲ್ಲ. ಯಾವ ಮದ್ದು, ಯಾವಾಗ ಹೊಡೆಸಿದ್ದು ಎಂಬುದೂ ಇಲ್ಲ.

ಮೊದಲನೇ ಪ್ರಶ್ನೆಗೆ ಮಾಡೆಲ್ ಅಂಶಗಳ ಪಟ್ಟಿ ಕೊಡುತ್ತದೆ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಮುಂಗಾರಿಗೆ ಮೊದಲು ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಎಲ್ಲ ಸರಿ. ಎರಡನೇ ಪ್ರಶ್ನೆಗೆ ತೋಟಗಾರಿಕೆ ಬಲ್ಲವರು ಉತ್ತರ ಕೊಡುವುದಕ್ಕೆ ಮೊದಲು ತಾವೇ ಕೇಳುತ್ತಾರೆ. ಹೊಡೆದ ಮೇಲೆ ಎಷ್ಟು ಹೊತ್ತಿಗೆ ಮಳೆ ಬಂತು? ಗೊನೆಗೆ ಪೂರ್ತಿ ತಾಗಿತ್ತಾ? ಸುಣ್ಣ ಒಳ್ಳೆಯದಿತ್ತಾ? ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡಿದಿರಾ? ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಗಿಡವೇ ಸುಟ್ಟೀತು. ಈ ಮರುಪ್ರಶ್ನೆಗಳೇ ಸಲಹೆಯ ಜೀವ. ಯಂತ್ರ ಯಂತ್ರವನ್ನು ಕೇಳಿದ ಸಂಭಾಷಣೆಯಲ್ಲಿ ಇವು ಹುಟ್ಟುವುದು ಕಷ್ಟ, ಏಕೆಂದರೆ ಕೇಳುವವನು ಹೇಳಬೇಕಾದ್ದನ್ನೆಲ್ಲ ಮೊದಲ ಸಾಲಿನಲ್ಲೇ ಹೇಳಿ ಮುಗಿಸಿರುತ್ತಾನೆ. ಇದರಲ್ಲಿ ಪಳಗಿದ ಚಿಕ್ಕ ಮಾಡೆಲ್ ನಿಜವಾದ ಬೆಳೆಗಾರನಿಗೂ ಅದೇ ಪಟ್ಟಿ ಒಪ್ಪಿಸುತ್ತದೆ.

ಇದನ್ನು ಪತ್ತೆಹಚ್ಚಲು ದೊಡ್ಡ ವಿದ್ಯೆ ಬೇಡ. ರಾಶಿಯಲ್ಲಿ ಉತ್ತರಿಸುವವರು ಎಷ್ಟು ಸಲ ಮರುಪ್ರಶ್ನೆ ಕೇಳಿದ್ದಾರೆ, ಎಷ್ಟು ಸಲ 'ಇದು ನನಗೆ ಖಚಿತವಿಲ್ಲ' ಎಂದಿದ್ದಾರೆ, ಪ್ರಶ್ನೆಗಳಲ್ಲಿ ಎಷ್ಟು ಒಂದೇ ನಾಲ್ಕು ಪದಗಳಿಂದ ಶುರುವಾಗಿವೆ ಎಂದು ಎಣಿಸಿದರೆ ಸಾಕು. ಮೊದಲೆರಡು ಸೊನ್ನೆಯ ಹತ್ತಿರವಿದ್ದು ಮೂರನೆಯದು ದೊಡ್ಡದಿದ್ದರೆ ಆ ಡೇಟಾ ಬಳಕೆಗೆ ಬರುವುದಿಲ್ಲ.

ಕನ್ನಡಕ್ಕೆ ಇದರ ಮೇಲೆ ಅನುವಾದದ ಪದರ ಸೇರುತ್ತದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2024ರಲ್ಲಿ ಹೊರತಂದ ಬೃಹತ್ ಸಂಗ್ರಹದಲ್ಲಿ, ವಿಕಿಪೀಡಿಯ ಲೇಖನಗಳನ್ನು ಕೊಟ್ಟು ಮುಕ್ತ ಮಾಡೆಲ್‌ಗಳಿಂದ ಇಂಗ್ಲಿಷಿನಲ್ಲಿ ಬರೆಸಿ, ಯಂತ್ರದಿಂದಲೇ ಭಾರತೀಯ ಭಾಷೆಗಳಿಗೆ ಅನುವಾದಿಸಿದ ಸಂಭಾಷಣೆಗಳಿವೆ. ಲೇಖನವನ್ನು ಎದುರಿಗಿಟ್ಟು ಬರೆಸುವುದು ಒಳ್ಳೆಯ ಕ್ರಮ, ಸಂಗತಿಗೆ ಆಧಾರ ಸಿಗುತ್ತದೆ. ಆದರೆ ಆ 54 ಬಂದದ್ದು ಅನುವಾದವೇ ಇಲ್ಲದ ಇಂಗ್ಲಿಷ್ ರಾಶಿಯಿಂದ ಎಂಬುದನ್ನು ಮರೆಯಬಾರದು. ಇವತ್ತಿನ ಗುರು ಜಿಪಿಟಿ-3ಕ್ಕಿಂತ ಬಹಳ ಸಮರ್ಥ, ಹಾಗಾಗಿ ಇಂಗ್ಲಿಷಿನಲ್ಲಿ ಅಂಕಿ ಏರಿರುತ್ತದೆ, ಒಪ್ಪುತ್ತೇನೆ. ಕನ್ನಡದಲ್ಲಿ ಎಷ್ಟು ಎಂಬುದನ್ನು ಎಣಿಸದೆ ಒಪ್ಪಲಾರೆ.

ಡೀಪ್‌ಸೀಕ್ ಹೀಗೇ ಗೆದ್ದಿತಲ್ಲ ಎಂಬ ಆಕ್ಷೇಪ ಬರುತ್ತದೆ. 2025ರ ಜನವರಿಯಲ್ಲಿ ಅದು ತನ್ನ ದೊಡ್ಡ ಮಾಡೆಲ್ ಸಿದ್ಧಪಡಿಸಿದ ಸುಮಾರು 8 ಲಕ್ಷ ಮಾದರಿಗಳಿಂದ ಆರು ಚಿಕ್ಕ ಮಾಡೆಲ್‌ಗಳಿಗೆ ಕಲಿಸಿತು, ಅವು ಗಣಿತದಲ್ಲಿ ಚೆನ್ನಾಗಿಯೇ ಗೆದ್ದವು. ಆದರೆ ಆ ರಾಶಿಯ ಬಹುಪಾಲು, ಸುಮಾರು 6 ಲಕ್ಷ, ಗಣಿತ ಮತ್ತು ಕೋಡಿಂಗ್‌ನಂಥ ತರ್ಕದ ಮಾದರಿಗಳು. ಒಂದೊಂದು ಪ್ರಶ್ನೆಗೆ ಹಲವು ಉತ್ತರ ಬರೆಸಿ, ತಾಳೆ ನೋಡಿ, ಸರಿಬಂದವನ್ನಷ್ಟೇ ಇಟ್ಟುಕೊಂಡರು. ಗಣಿತದಲ್ಲಿ ಯಂತ್ರವೇ ತಾಳೆ ನೋಡಬಹುದು. ಕೊಳೆರೋಗಕ್ಕೆ, ಪಹಣಿ ತಿದ್ದುಪಡಿಗೆ, ಜ್ವರದ ಮಗುವಿನ ತಾಯಿ ಕೇಳುವ ಪ್ರಶ್ನೆಗೆ ಆ ಅನುಕೂಲವಿಲ್ಲ.

ಪಾತ್ರಗಳನ್ನು ತಿರುಗಿಸಿದ ಒಂದು ಪ್ರಯೋಗವನ್ನು ನಮ್ಮವರು ನೋಡಬೇಕು. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2023ರಲ್ಲಿ 'ಮ್ಯಾಥ್‌ಡಯಲ್'ಗಾಗಿ ಸುಮಾರು 3,000 ಸಂಭಾಷಣೆ ಸಂಗ್ರಹಿಸಿದಾಗ, ಲೆಕ್ಕ ತಪ್ಪು ಮಾಡುವ ವಿದ್ಯಾರ್ಥಿಯ ಪಾತ್ರವನ್ನು ಮಾಡೆಲ್‌ಗೆ ಕೊಟ್ಟು, ಮೇಷ್ಟ್ರ ಜಾಗದಲ್ಲಿ ನಿಜವಾದ ಶಿಕ್ಷಕರನ್ನು ಕೂರಿಸಿದರು. ಲೆಕ್ಕ ಬಿಡಿಸುವುದರಲ್ಲಿ ಜಾಣವಾದ ಮಾಡೆಲ್, ಕಲಿಸಲು ಹೊರಟಾಗ ಉತ್ತರವನ್ನು ತೀರಾ ಬೇಗ ಬಾಯಿಬಿಡುತ್ತದೆ ಎಂಬುದು ಅವರಿಗೆ ಕಂಡಿತ್ತು. ಯಂತ್ರ ತಪ್ಪುವವನಾಗಲಿ, ತಿದ್ದುವವರು ಮನುಷ್ಯರಾಗಲಿ ಎಂಬ ಈ ಏರ್ಪಾಡು ದುಬಾರಿ, ಆದರೆ ಮರುಪ್ರಶ್ನೆ ಉಳಿಯುತ್ತದೆ.

ಅಷ್ಟೂ ಸಾಧ್ಯವಿಲ್ಲ ಎನ್ನುವವರಿಗೆ ನನ್ನ ಬೇಡಿಕೆ ಬಹಳ ಚಿಕ್ಕದು. ಕೃಷಿ, ಆರೋಗ್ಯ, ಕಂದಾಯ, ಹೀಗೆ ಪ್ರತಿ ವಿಷಯದಲ್ಲೂ ರಾಶಿಯಿಂದ ಲಾಟರಿ ಎತ್ತಿದಂತೆ 200 ಸಂಭಾಷಣೆ ತೆಗೆಯಿರಿ. ವಿಷಯ ಬಲ್ಲ ಇಬ್ಬರು ಕನ್ನಡಿಗರು ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣದಂತೆ ಅವನ್ನು ಓದಲಿ. ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಒಬ್ಬರಿಗೆ 33 ಗಂಟೆ, ಅಂದರೆ ಒಂದು ವಾರದ ಕೆಲಸ. 200ರ ಎಣಿಕೆಯಲ್ಲಿ ಏಳು ಅಂಶ ಆಚೀಚೆ ಆಗಬಹುದು, ಆದರೆ 54ಕ್ಕೂ 90ಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಮರೆಯಾಗುವುದಿಲ್ಲ. ಕಲಿಸುವ ಮೊದಲು ಚಿಕ್ಕ ಮಾಡೆಲ್‌ಗೆ ಅದೇ ಪ್ರಶ್ನೆಗಳನ್ನು ಕೇಳಿ, ಅದಕ್ಕೆ ತಿಳಿಯದ ಕಡೆ ಉತ್ತರದ ಜೊತೆಗೆ ಆಧಾರದ ಪುಟವನ್ನೂ ಇಡಿ, ಇಲ್ಲವೇ 'ಗೊತ್ತಿಲ್ಲ' ಎನ್ನುವುದನ್ನು ಕಲಿಸಿ. ಕೋಟಿಗಟ್ಟಲೆ ರೂಪಾಯಿಯ ಯೋಜನೆಯಲ್ಲಿ ಈ ಎರಡು ಕೆಲಸಗಳ ಖರ್ಚು ಲೆಕ್ಕಕ್ಕೇ ಬಾರದಷ್ಟು. ಮುಂದಿನ ಟೆಂಡರ್ ದಾಖಲೆಯಲ್ಲಿ ಸಂಭಾಷಣೆಗಳ ಸಂಖ್ಯೆ ಕೇಳುವ ಅಂಕಣದ ಪಕ್ಕದಲ್ಲೇ, ಓದಿ ನೋಡಿದವು ಎಷ್ಟು, ಸರಿಯಿದ್ದವು ಎಷ್ಟು ಎಂಬ ಎರಡು ಅಂಕಣಗಳಿರಲಿ. ಅವನ್ನು ಖಾಲಿ ಬಿಟ್ಟ ಅರ್ಜಿಯನ್ನು ವಾಪಸ್ ಕಳಿಸಲಿ.