‘ರೀಬೇಸ್ ಮಾಡಿದರೆ ಜೊತೆಯವರ ಕೆಲಸ ಅಳಿಸಿಹೋಗುತ್ತದೆ’ ಎಂಬುದು ಎಷ್ಟು ನಿಜ?

“ಗಿಟ್‌ನಲ್ಲಿ ರೀಬೇಸ್ ಮುಟ್ಟಲೇಬೇಡಿ, ತಂಡದವರ ಕೋಡ್ ಅಳಿಸಿಹೋಗುತ್ತದೆ. ಮರ್ಜ್ ಒಂದೇ ಸುರಕ್ಷಿತ.” ಸಾಫ್ಟ್‌ವೇರ್ ಕೆಲಸ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತನ್ನು ನೀವೂ ಓದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಕೆಲಸ ಮರೆಯಾಗುವುದು ರೀಬೇಸ್‌ನಿಂದಲ್ಲ, ಅದರ ನಂತರದ ಇನ್ನೊಂದು ಹೆಜ್ಜೆಯಿಂದ. ಅದು ಯಾವುದು ಎಂದು ನೋಡೋಣ.

ಗಿಟ್ ಎಂಬುದು ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಂತ್ರಾಂಶ. ಹಲವರು ಒಂದೇ ಕೋಡ್ ತಿದ್ದುವಾಗ ಯಾರು ಏನು ಬದಲಾಯಿಸಿದರು ಎಂಬುದನ್ನು ಇದು ಕಮಿಟ್‌ಗಳಾಗಿ ದಾಖಲಿಸುತ್ತದೆ. ಪ್ರತಿ ಕಮಿಟ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕಮಿಟ್‌ನ ಒಳಗೆ ಏನಿದೆ ಎಂಬುದರಿಂದ ಮಾತ್ರವಲ್ಲ, ಅದರ ಹಿಂದಿನ ಕಮಿಟ್ ಯಾವುದು ಎಂಬುದರಿಂದಲೂ ಈ ಸಂಖ್ಯೆ ಹುಟ್ಟುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ನೀವು ನಿಮ್ಮ ಬ್ರಾಂಚ್‌ನಲ್ಲಿ ಕೆಲಸ ಮಾಡುತ್ತಿರುವಾಗ ಮುಖ್ಯ ಬ್ರಾಂಚ್ ಮುಂದೆ ಹೋಗಿರುತ್ತದೆ. ಮರ್ಜ್ ಮಾಡಿದರೆ ಎರಡೂ ದಾರಿಗಳು ಇದ್ದಂತೆಯೇ ಉಳಿದು, ಅವು ಸೇರುವಲ್ಲಿ ಸಾಮಾನ್ಯವಾಗಿ ಹೊಸದೊಂದು ಕಮಿಟ್ ಬರುತ್ತದೆ. ರೀಬೇಸ್ ಮಾಡಿದರೆ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಮುಖ್ಯ ಬ್ರಾಂಚ್‌ನ ತುದಿಯ ಮೇಲೆ ಮತ್ತೆ ಬರೆಯಲಾಗುತ್ತದೆ. ಹಿಂದಿನ ಕಮಿಟ್ ಬದಲಾಗಿದ್ದರಿಂದ ಇವುಗಳ ಸಂಖ್ಯೆಯೂ ಬದಲಾಗುತ್ತದೆ. ಅಂದರೆ ಇವು ಸ್ಥಳ ಬದಲಿಸಿದ ಹಳೆಯ ಕಮಿಟ್‌ಗಳಲ್ಲ, ಹೊಸ ನಕಲುಗಳು.

ಈಗ ಒಂದು ಉದಾಹರಣೆ. ತಂಡದ ಹಿರಿಯರೊಬ್ಬರು, ಹೊಸಬರೊಬ್ಬರು `login` ಎಂಬ ಒಂದೇ ಬ್ರಾಂಚ್‌ನಲ್ಲಿದ್ದಾರೆ. ಸರ್ವರ್‌ನಲ್ಲಿ ಎರಡು ಕಮಿಟ್‌ಗಳಿವೆ. ಹಿರಿಯರು ಬೆಳಿಗ್ಗೆ ಹೊಸ ಬದಲಾವಣೆಗಳನ್ನು ಇಳಿಸಿಕೊಂಡು ರೀಬೇಸ್ ಶುರುಮಾಡುತ್ತಾರೆ. ಕಾನ್‌ಫ್ಲಿಕ್ಟ್‌ಗಳನ್ನು ಬಗೆಹರಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅಷ್ಟರೊಳಗೆ ಹೊಸಬರು ತಮ್ಮ ಮೂರನೆಯ ಕಮಿಟ್ ಅನ್ನು ಪುಶ್ ಮಾಡಿರುತ್ತಾರೆ.

ಹಿರಿಯರು ಪುಶ್ ಮಾಡಿದಾಗ ಗಿಟ್ ಒಪ್ಪುವುದಿಲ್ಲ. ಮೊದಲೇ ಪುಶ್ ಮಾಡಿದ ಬ್ರಾಂಚ್ ಅನ್ನು ರೀಬೇಸ್ ಮಾಡಿದ ಮೇಲೆ ಹೀಗಾಗುವುದು ಮಾಮೂಲಿ ಎಂದು ಅವರು `git push --force` ಕೊಡುತ್ತಾರೆ. ಅಲ್ಲಿಗೆ ಸರ್ವರ್‌ನ ಬ್ರಾಂಚ್‌ನಿಂದ ಮೂರನೆಯ ಕಮಿಟ್ ಮಾಯ! ಇದನ್ನು ಮಾಡಿದ್ದು ರೀಬೇಸ್ ಅಲ್ಲ, ಆ `--force`. ಅದರ ಬದಲು ಹೀಗೆ ಕೊಟ್ಟಿದ್ದರೆ:

```
git push --force-with-lease
```

‘ನೀವು ಕೊನೆಯ ಸಲ ನೋಡಿದ ನಂತರ ಸರ್ವರ್ ಬದಲಾಗಿದೆ’ ಎಂಬ ಅರ್ಥದಲ್ಲಿ `stale info` ಎಂದು ಹೇಳಿ ಗಿಟ್ ನಿಲ್ಲಿಸುತ್ತಿತ್ತು. ಆದರೆ ಇದಕ್ಕೂ ಮಿತಿಯಿದೆ. ಕೆಲವು ಎಡಿಟರ್‌ಗಳು ನಮಗೆ ತಿಳಿಸದೆ ಹಿನ್ನೆಲೆಯಲ್ಲಿ `git fetch` ಮಾಡುತ್ತಿರುತ್ತವೆ. ಆಗ ಹೊಸಬರ ಕಮಿಟ್ ಅನ್ನು ನೀವು ನೋಡಿದ್ದೀರಿ ಎಂದೇ ಗಿಟ್ ಭಾವಿಸಿ ಬಿಟ್ಟುಬಿಡುತ್ತದೆ. ಇಂಥ ಕಡೆ ಜೊತೆಗೆ `--force-if-includes` ಕೂಡ ಸೇರಿಸಬೇಕು.

ಹೊಸಬರ ಕೆಲಸ ಅವರ ಕಂಪ್ಯೂಟರ್‌ನಲ್ಲಿ ಹಾಗೇ ಇರುತ್ತದೆ. ಗಾಬರಿಯಲ್ಲಿ ಅವರು ಸರ್ವರ್‌ನದನ್ನು ತಮ್ಮದಕ್ಕೆ ಮರ್ಜ್ ಮಾಡಿಕೊಂಡರೆ ಮೊದಲ ಎರಡು ಕಮಿಟ್‌ಗಳು ಇತಿಹಾಸದಲ್ಲಿ ಎರಡೆರಡು ಸಲ ಬರುತ್ತವೆ. `git log --oneline --graph` ನೋಡಿದಾಗ ಒಂದೇ ವಿವರಣೆ, ಬೇರೆ ಬೇರೆ ಸಂಖ್ಯೆ ಕಂಡರೆ ಇದೇ ಆಗಿದೆ ಎಂದರ್ಥ. ‘ಸುರಕ್ಷಿತ’ ಎನ್ನುವ ಮರ್ಜ್ ಇಲ್ಲಿ ಗೊಂದಲ ಹೆಚ್ಚಿಸುತ್ತದೆ, ಸರಿಪಡಿಸುವುದು ರೀಬೇಸ್! ತಮ್ಮ ಕೊನೆಯ ಒಂದು ಕಮಿಟ್ ಅನ್ನು ಮಾತ್ರ ಹೊಸ ಬ್ರಾಂಚ್ ಮೇಲೆ ಕೂರಿಸಿದರೆ ಸಾಕು:

```
git fetch
git rebase --onto origin/login HEAD~1
```

ಹಾಗಾದರೆ ಯಾವಾಗ ಯಾವುದು? ನಿಮ್ಮೊಬ್ಬರ ಬ್ರಾಂಚ್ ಆದರೆ ರೀಬೇಸ್ ಮಾಡಿಕೊಳ್ಳಿ. ತಂಡದಲ್ಲಿ ಇಪ್ಪತ್ತು ಮಂದಿ ದಿನಾ ಮುಖ್ಯ ಬ್ರಾಂಚ್ ಅನ್ನು ತಮ್ಮದಕ್ಕೆ ಮರ್ಜ್ ಮಾಡುತ್ತಾ ಹೋದರೆ ಇತಿಹಾಸದ ತುಂಬ ಜೋಡಣೆಯ ಕಮಿಟ್‌ಗಳೇ ತುಂಬಿ, ದೋಷ ಎಲ್ಲಿಂದ ಬಂತು ಎಂದು ಓದುವುದೇ ಕಷ್ಟವಾಗುತ್ತದೆ. ಬೇರೆಯವರು ಆ ಬ್ರಾಂಚ್ ಮೇಲೆ ಕೆಲಸ ಕಟ್ಟಿದ್ದರೆ ಮಾತ್ರ ಮರ್ಜ್ ಮಾಡಿ. ಲಿನಕ್ಸ್ ಕರ್ನಲ್‌ನ ನಿರ್ವಾಹಕರಿಗಿರುವ ಮಾರ್ಗದರ್ಶಿಯೂ ಹೊರಗೆ ಪ್ರಕಟವಾದ ಇತಿಹಾಸವನ್ನು ಸಾಮಾನ್ಯವಾಗಿ ಬದಲಿಸಬಾರದು ಎಂದೇ ಹೇಳುತ್ತದೆ. ರೀಬೇಸ್ ಆದ ಕೋಡ್ ಅನ್ನು ಹೊಸ ಬುನಾದಿಯ ಮೇಲೆ ಯಾರೂ ಪರೀಕ್ಷಿಸಿರುವುದಿಲ್ಲ, ಆದ್ದರಿಂದ ಟೆಸ್ಟ್‌ಗಳನ್ನು ಮತ್ತೆ ಓಡಿಸಬೇಕು.

ನಿಮ್ಮದೇ ರೀಬೇಸ್ ಕೆಟ್ಟರೂ ಹಳೆಯ ಕಮಿಟ್‌ಗಳು ತಕ್ಷಣ ಅಳಿಯುವುದಿಲ್ಲ. `git reflog` ಕೊಟ್ಟರೆ ಅವುಗಳ ಸಂಖ್ಯೆ ಸಿಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಹೀಗೆ ಕೈಬಿಟ್ಟ ಕಮಿಟ್‌ಗಳ ದಾಖಲೆ ಅಲ್ಲಿ 30 ದಿನ ಇರುತ್ತದೆ, ಅದೂ ಆ ಕೆಲಸ ಮಾಡಿದ ಕಂಪ್ಯೂಟರ್‌ನಲ್ಲಿ ಮಾತ್ರ.