ಸರ್ಟಿಫಿಕೇಟಿಲ್ಲದ ಬಡಗಿಯ ಪರಿಚಯ

ಡೊಂಬಿವಲಿಯ ಒಬ್ಬ ಬಡಗಿಗೆ ಆನ್‌ಲೈನ್‌ನಲ್ಲಿ ಹಾಕಿಕೊಳ್ಳಲು ನಾಲ್ಕು ಸಾಲು ಪರಿಚಯ ಬೇಕಿತ್ತು. ಕುಂದಾಪುರದ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರು, ಅಲ್ಲಿ ಮುರಿದ ಬೆಂಚುಗಳನ್ನು ರಿಪೇರಿ ಮಾಡುತ್ತಲೇ ಮರಗೆಲಸ ಕಲಿತರು. ಈಗ ಸ್ವಂತ ಶೆಡ್ಡಿನಲ್ಲಿ ಊಟದ ಮೇಜು, ಬೆಂಚು, ಪುಸ್ತಕದ ಕಪಾಟು ಮಾಡಿ ಮಾರುತ್ತಾರೆ. ಅವರೇ ಬರೆದು ತಂದ ಕರಡಿನಲ್ಲಿ 'ಅತ್ಯುತ್ತಮ ಗುಣಮಟ್ಟ, ನಂಬಿಕಸ್ಥ ಸೇವೆ, 20 ವರ್ಷದ ಅನುಭವ' ಎಂದಿತ್ತು. "ಸರ್ಟಿಫಿಕೇಟ್ ಇಲ್ಲವಲ್ಲ ಸರ್, ಇಷ್ಟಾದರೂ ಬೇಡವೇ?" ಎಂದರು.

ತೊಂದರೆ ಏನೆಂದರೆ, ಕೆಟ್ಟ ಮೇಜು ಮಾರುವವನೂ ಈ ಮೂರು ಮಾತನ್ನು ಬರೆಯಬಲ್ಲ. ಕೊಳ್ಳುವವರು ಮೇಜನ್ನು ಮುಟ್ಟಿ ನೋಡುವಂತಿಲ್ಲ, ಅಲ್ಲಾಡಿಸಿ ನೋಡುವಂತಿಲ್ಲ. ಕೆಲಸ ಬಲ್ಲವನು ಮಾತ್ರ ಹೇಳಬಲ್ಲ, ಫೋಟೋದಲ್ಲಿ ಪರೀಕ್ಷಿಸಲೂ ಬರುವ ಸಂಗತಿಯೇ ಅವರಿಗೆ ಬೇಕು.

ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ಬೇರೆಯವರ ಮೇಜು ರಿಪೇರಿಗೆ ಬಂದಾಗ ಎಲ್ಲಿ ಕೆಟ್ಟಿರುತ್ತದೆ?" ಅವರು ತಡೆಯಿಲ್ಲದೆ ಹೇಳುತ್ತ ಹೋದರು. ಕಾಲನ್ನು ಬರೀ ಮೊಳೆಯಲ್ಲಿ ನಿಲ್ಲಿಸಿದ್ದರೆ ವರ್ಷದೊಳಗೆ ಅಲ್ಲಾಡುತ್ತದೆ. ಇವರು ಕಾಲಿನಲ್ಲಿ ಚೌಕ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಬಿಗಿಯಾಗಿ ಕೂರಿಸುತ್ತಾರೆ. ಎರಡನೆಯದು ಮೇಲಿನ ಹಲಗೆ. ಮುಂಬಯಿಯ ಮಳೆಗಾಲದಲ್ಲಿ ಮರ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂರಡಿ ಅಗಲದ ಹಲಗೆ ನಾಲ್ಕೈದು ಮಿಲಿಮೀಟರ್ ಆಚೀಚೆ ಆಗಬಹುದು. ಅದನ್ನು ಚೌಕಟ್ಟಿಗೆ ಎಲ್ಲ ಕಡೆಯೂ ಸ್ಕ್ರೂ ಹಾಕಿ ಬಿಗಿದರೆ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ, ಒಣಹವೆಯಲ್ಲಿ ಸೀಳುತ್ತದೆ. ಇವರು ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ತುಸು ಉದ್ದ ಮಾಡುತ್ತಾರೆ, ಹಲಗೆ ಸರಿಯಲು ಜಾಗ ಸಿಗುತ್ತದೆ. ಇವೆರಡೂ ಕಾಣುವುದು ಮೇಜನ್ನು ತಲೆಕೆಳಗು ಮಾಡಿದಾಗ. ಆದರೆ ಅವರ ಫೋಟೋಗಳಲ್ಲೆಲ್ಲ ಇದ್ದದ್ದು ಪಾಲಿಶ್ ಮಿನುಗುವ ಮೇಲ್ಭಾಗ ಮಾತ್ರ.

ನಂಬಿಕೆಯ ಮಾತಿಗೆ ಅವರ ಆರ್ಡರ್ ಪುಸ್ತಕ ತೆಗೆಸಿದೆ. ಕೊನೆಯ ಹತ್ತು ಮೇಜುಗಳಲ್ಲಿ ಎಂಟು 20 ದಿನದೊಳಗೆ ಮುಟ್ಟಿದ್ದವು, ಒಂದಕ್ಕೆ 22, ಇನ್ನೊಂದಕ್ಕೆ 24 ದಿನ ಹಿಡಿದಿತ್ತು. "15 ದಿನ ಅಂತ ಬರೆದರೆ ಗಿರಾಕಿ ಬೇಗ ಸಿಗುತ್ತಾರೆ" ಎಂದರು. ನಾವು ಬರೆದದ್ದು 25. ಬೇಗ ಮುಗಿದ ಕೆಲಸವನ್ನಲ್ಲ, ಅತಿ ತಡವಾದದ್ದನ್ನು ನೋಡಿ ದಿನ ಹೇಳಬೇಕು, ಏಕೆಂದರೆ 16ನೆಯ ದಿನ ಫೋನ್ ಮಾಡುವ ಗಿರಾಕಿಗೆ ಉಳಿದ ಮಾತೆಲ್ಲ ಸುಳ್ಳೆನಿಸುತ್ತದೆ. 20 ವರ್ಷದ ಲೆಕ್ಕವನ್ನೂ ಬಿಡಿಸಿದೆವು: ಅದರಲ್ಲಿ ಹೋಟೆಲಿನ ವರ್ಷಗಳೂ ಸೇರಿದ್ದವು. ಸ್ವಂತ ಶೆಡ್ಡು ಹಾಕಿದ್ದು 2016ರಲ್ಲಿ.

ಕೊನೆಗೆ ನಿಂತ ಪರಿಚಯ ಇದು:

'ಡೊಂಬಿವಲಿಯ ನನ್ನ ಶೆಡ್ಡಿನಲ್ಲಿ ತೇಗದ ಊಟದ ಮೇಜು, ಬೆಂಚು, ಪುಸ್ತಕದ ಕಪಾಟು ಮಾಡುತ್ತೇನೆ. ಶಾಲೆಯಲ್ಲಿ ಕಲಿತ ಕೆಲಸವಲ್ಲ, ಹೋಟೆಲಿನ ಮುರಿದ ಬೆಂಚು ರಿಪೇರಿ ಮಾಡಿ ಕಲಿತದ್ದು. 2016ರಿಂದ ಇದೇ ನನ್ನ ಕಸುಬು. ಕಾಲುಗಳನ್ನು ಬರೀ ಮೊಳೆಯ ಮೇಲೆ ನಿಲ್ಲಿಸುವುದಿಲ್ಲ, ತೂತಿಗೆ ನಾಲಗೆ ಕೂರಿಸಿ ಜೋಡಿಸುತ್ತೇನೆ. ಮಳೆಗಾಲದಲ್ಲಿ ಹಲಗೆ ಹಿಗ್ಗಲು ಜಾಗ ಬಿಟ್ಟಿರುತ್ತೇನೆ. ಮೇಜಿನ ಅಡಿಭಾಗದ ಫೋಟೋ ನೋಡಿ. ಅಳತೆ ಒಪ್ಪಿಗೆಯಾದ ಮೇಲೆ 25 ದಿನ. ವರ್ಷದೊಳಗೆ ಜೋಡಣೆ ಸಡಿಲವಾದರೆ ಮುಂಬಯಿ, ಠಾಣೆಯೊಳಗೆ ನಾನೇ ಬಂದು ಸರಿಮಾಡುತ್ತೇನೆ, ಹಣವಿಲ್ಲ. ಅಡುಗೆಮನೆಯ ಪ್ಲೈವುಡ್ ಕೆಲಸ ಮಾಡುವುದಿಲ್ಲ.'

ಕೊನೆಯ ಸಾಲಿಗೆ ಅವರು ಬಹಳ ತಕರಾರು ಮಾಡಿದರು, ಬಂದ ಕೆಲಸ ಬೇಡವೆನ್ನುವುದೇ ಎಂದು. ಆದರೆ ಎಲ್ಲವನ್ನೂ ಮಾಡುತ್ತೇನೆ ಎನ್ನುವವನಿಗಿಂತ, ಇದು ನನ್ನ ಕೆಲಸವಲ್ಲ ಎಂದು ಬರೆದವನ ಉಳಿದ ಮಾತಿಗೆ ತೂಕ ಹೆಚ್ಚು.

ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರಲ್ಲಿ ಶುರುವಾಗಿದೆ. ಅದರಲ್ಲಿ ಬಡಗಿಗಳಿಗೂ ಪ್ರಮಾಣಪತ್ರ, ಗುರುತಿನ ಚೀಟಿ ಸಿಗುತ್ತದೆ. ಅರ್ಹತೆ ಇದ್ದವರು ಪಡೆದುಕೊಳ್ಳಲಿ, ಪರಿಚಯದಲ್ಲಿ ಒಂದು ಸಾಲು ಅದಕ್ಕೂ ಇರಲಿ. ಆದರೆ ನಿಮ್ಮ ಮೇಜಿನ ಹಲಗೆ ಬರುವ ಬೇಸಿಗೆಯಲ್ಲಿ ಸೀಳುತ್ತದೋ ಇಲ್ಲವೋ ಎಂಬುದನ್ನು ಆ ಚೀಟಿ ಹೇಳದು, ಅಡಿಭಾಗದ ಫೋಟೋ ಹೇಳುತ್ತದೆ. ಪರಿಚಯ ಬದಲಾದ ಮೇಲೆ ಅವರಿಗೆ ಬರುವ ಮೊದಲ ಪ್ರಶ್ನೆಯೂ ಬದಲಾಗಿದೆಯಂತೆ. ಮೊದಲು 'ಗಟ್ಟಿ ಇದೆಯಾ?' ಎಂದು ಕೇಳುತ್ತಿದ್ದರು. ಈಗ 'ನಮ್ಮ ಹಾಲ್‌ಗೆ ಐದಡಿ ಉದ್ದ ಸಾಕಾ?' ಎನ್ನುತ್ತಾರೆ.